ವರ್ಷ ವರ್ಷ ಏರುವ ಯಂತ್ರದ ಬಾಡಿಗೆ: ಆದಾಯವನ್ನು ಸಮನಾಗಿ ಬರೆದುಕೊಂಡು ಬಂದ ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಚೇರಿ. ಸಿಎನ್‌ಸಿ ಲೇತ್, ವಿಎಂಸಿ, ಕಂಪ್ರೆಸರ್‌ಗಳನ್ನು ಕೊಂಡು, ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳಿಗೆ ವರ್ಷಗಟ್ಟಲೆ ಬಾಡಿಗೆಗೆ ಕೊಡುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಲೆಕ್ಕಪತ್ರವೆಲ್ಲ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಕರಾರುಗಳಲ್ಲಿ ಬಾಡಿಗೆ ಮೊದಲ ವರ್ಷ ಕಮ್ಮಿ ಇದ್ದು, ಆಮೇಲೆ ವರ್ಷಕ್ಕಿಷ್ಟು ಅಂತ ಏರುತ್ತದೆ. ಹಾಗಿದ್ದರೂ ಲೆಕ್ಕದ ಪುಸ್ತಕದಲ್ಲಿ ಅಷ್ಟೂ ವರ್ಷ ಆದಾಯ ಒಂದೇ ಮೊತ್ತ. ಇದನ್ನು ನಾವು ಹೇಗೆ ನಡೆಸುತ್ತೇವೆ ಅನ್ನುವುದನ್ನು ಒಂದು ಯಂತ್ರದ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ವಸಂತನರಸಾಪುರದ ಒಂದು ಕಾರ್ಖಾನೆಗೆ 2020ರ ಜುಲೈ 1ರಿಂದ 2025ರ ಜೂನ್ 30ರವರೆಗೆ ಒಂದು ವಿಎಂಸಿ ಕೊಟ್ಟಿದ್ದೆವು. ಯಂತ್ರದ ಬೆಲೆ 48 ಲಕ್ಷ. ಲಾಕ್‌ಡೌನ್ ಆಗಷ್ಟೇ ಸಡಿಲವಾಗಿದ್ದ ಕಾಲ, ಅವರಿಗೆ ಆರ್ಡರ್ ಕಮ್ಮಿ. ಹಾಗಾಗಿ ಮೊದಲ ವರ್ಷ ತಿಂಗಳಿಗೆ 60,000, ಆಮೇಲೆ ಪ್ರತಿ ಜುಲೈಗೆ 5,000 ಏರಿಕೆ, ಕೊನೆಯ ವರ್ಷ 80,000 ಎಂದು ಒಪ್ಪಂದವಾಯಿತು. ಐದೂ ವರ್ಷ ಲಾಕ್-ಇನ್, ನಡುವೆ ಬಿಟ್ಟುಹೋಗುವಂತಿಲ್ಲ.

ಸಮನಾಗಿ ಹಂಚುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ಇದು ನಿಜಕ್ಕೂ ಬಾಡಿಗೆಯೋ, ಬಾಡಿಗೆಯ ಹೆಸರಿನಲ್ಲಿ ನಡೆದ ಮಾರಾಟವೋ? ನಮ್ಮಂಥ ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡವಾದ ಎಎಸ್ 19ರ ಪ್ರಕಾರ, ಯಂತ್ರದ ಲಾಭ-ನಷ್ಟದ ಹೊಣೆ ಬಹುಪಾಲು ಬಾಡಿಗೆದಾರನ ಮೇಲೆ ಹೋಗಿದ್ದರೆ ಅದು ಫೈನಾನ್ಸ್ ಲೀಸ್, ಅದರ ಲೆಕ್ಕದ ದಾರಿಯೇ ಬೇರೆ. ಈ ಕರಾರಿನಲ್ಲಿ ಕೊನೆಗೆ ಯಂತ್ರ ಅವರದಾಗುವ ಷರತ್ತಿರಲಿಲ್ಲ, ಅಗ್ಗಕ್ಕೆ ಕೊಳ್ಳುವ ಹಕ್ಕೂ ಇರಲಿಲ್ಲ. ಒಳ್ಳೆಯ ವಿಎಂಸಿ ಐದು ವರ್ಷಕ್ಕೆ ಸವೆದುಹೋಗುವ ವಸ್ತುವಲ್ಲ. ಬರಬೇಕಾದ ಒಟ್ಟು ಬಾಡಿಗೆ 42 ಲಕ್ಷ. ಶೇ 12ರ ಬಡ್ಡಿ ಹಿಡಿದು ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 31.5 ಲಕ್ಷ, ಅಂದರೆ ಯಂತ್ರದ ಬೆಲೆಯ ಮೂರನೇ ಎರಡು ಪಾಲಿನಷ್ಟು. ಉಳಿದ ಬೆಲೆ ಏರಿದರೂ ಇಳಿದರೂ ನಮ್ಮ ತಲೆಗೇ. ಹಾಗಾಗಿ ಇದು ನಿಜವಾದ ಬಾಡಿಗೆಯೇ, ಅಂದರೆ ಆಪರೇಟಿಂಗ್ ಲೀಸ್. ಇಂಥದ್ದರ ಆದಾಯವನ್ನು ಅವಧಿಯುದ್ದಕ್ಕೂ ಸಮನಾಗಿ ತೋರಿಸಬೇಕು. ಯಂತ್ರದ ಉಪಯೋಗ ಬೇರೆ ಲಯದಲ್ಲಿ ಕರಗುತ್ತದೆ ಎಂದು ತೋರಿಸಲು ಸಾಧ್ಯವಿದ್ದರೆ ಮಾತ್ರ ಬೇರೆ ಹಂಚಿಕೆ. ದೊಡ್ಡ ಕಂಪನಿಗಳು ಅನುಸರಿಸುವ ಇಂಡ್ ಎಎಸ್ 116 ಕೂಡ ಬಾಡಿಗೆಗೆ ಕೊಡುವವರ ಮಟ್ಟಿಗೆ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ.

ನಮ್ಮ ಯಜಮಾನರಿಗೆ ಇದು ಒಪ್ಪಿಗೆಯಾಗಿರಲಿಲ್ಲ. "ಮೊದಲ್ನೇ ವರ್ಷ ಆಯಪ್ಪನಿಗೆ ಆರ್ಡರೇ ಇಲ್ಲ, ಮಿಷಿನ್ ಅರ್ಧ ದಿನ ಸುಮ್ನೆ ನಿಂತಿರ್ತದೆ. ಅದಕ್ಕೇ ಬಾಡಿಗೆ ಕಮ್ಮಿ ಮಾಡಿರೋದು. ಬರದೇ ಇರೋ ದುಡ್ಡನ್ನ ಆದಾಯ ಅಂತ ಯಾಕಮ್ಮ ಬರೀತೀಯ?" ಅಂದರು.

"ಸಾರ್, ಮಿಷಿನ್ ಓಡಿಸೋದು ಬಿಡೋದು ಅವರಿಷ್ಟ. ನಾವು ಕೊಟ್ಟಿರೋದು ಅರವತ್ತು ತಿಂಗಳು ಅವರ ಶೆಡ್‌ನಲ್ಲಿ ಇಟ್ಕೊಳ್ಳೋ ಹಕ್ಕು. ಅದು ಮೊದಲ್ನೇ ತಿಂಗಳೂ ಅಷ್ಟೇ, ಕೊನೇ ತಿಂಗಳೂ ಅಷ್ಟೇ" ಅಂದೆ. ಈಗಲೂ ನನ್ನ ನಿಲುವು ಇದೇ. ಬಾಡಿಗೆ ಏರುತ್ತಿರುವುದು ಹಣ ಕೊಡುವ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಕೊಟ್ಟ ಸೇವೆ ಹೆಚ್ಚುತ್ತಿದೆ ಅಂತಲ್ಲ. ಬಿಲ್ಲಿನ ಮೊತ್ತವನ್ನೇ ಆದಾಯ ಎಂದು ಬರೆದರೆ ಅದೇ ಯಂತ್ರ, ಅದೇ ಗಿರಾಕಿ, ಅದೇ ಕರಾರು ಇದ್ದೂ ನಮ್ಮ ವ್ಯವಹಾರ ವರ್ಷ ವರ್ಷ ಬೆಳೆಯುತ್ತಿರುವಂತೆ ಕಾಣುತ್ತದೆ. ಅದು ಸುಳ್ಳು ಬೆಳವಣಿಗೆ.

ಲೆಕ್ಕ ಸುಲಭ. 42 ಲಕ್ಷವನ್ನು 60 ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 70,000. ಯಂತ್ರ ಕೂರಿಸುವ ತಿಂಗಳು ಬಾಡಿಗೆ ಮನ್ನಾ ಮಾಡಿದ್ದರೆ ಆ ತಿಂಗಳನ್ನೂ ಭಾಗಿಸುವ ಲೆಕ್ಕಕ್ಕೆ ಸೇರಿಸಬೇಕು. ಹೆಚ್ಚುವರಿ ಶಿಫ್ಟ್ ಓಡಿಸಿದರೆ ಗಂಟೆಗಿಷ್ಟು ಎಂದು ಬರುವ ಹಣ ಇದರಲ್ಲಿ ಸೇರದು, ಅದನ್ನು ಆಯಾ ತಿಂಗಳು ಬಂದಂತೆ ಬರೆಯುತ್ತೇನೆ.

ಮೊದಲ ತಿಂಗಳ ನಮೂದು ಹೀಗೆ. ಗಿರಾಕಿಗೆ ಬಿಲ್ 60,000, ಅದರ ಮೇಲೆ ಶೇ 18ರ ಜಿಎಸ್‌ಟಿ 10,800. ಅವರು 60,000ಕ್ಕೆ ಆಗಿದ್ದ ಶೇ 1.5ರ ದರದಂತೆ 900 ಟಿಡಿಎಸ್ ಹಿಡಿದು 69,900 ಹಾಕಿದರು. ಇದಾದ ಮೇಲೆ ಟ್ಯಾಲಿಯಲ್ಲಿ ಇನ್ನೊಂದು ಜರ್ನಲ್: ಆದಾಯ ಎಂದು ಬರೆದರೂ ಇನ್ನೂ ಬಿಲ್ ಆಗದ ಬಾಕಿಯನ್ನು ಇಡುವ ಲೀಸ್ ಈಕ್ವಲೈಸೇಶನ್ ಖಾತೆಗೆ 10,000 ಡೆಬಿಟ್, ಬಾಡಿಗೆ ಆದಾಯಕ್ಕೆ 10,000 ಕ್ರೆಡಿಟ್. ಈ 10,000ಕ್ಕೆ ಜಿಎಸ್‌ಟಿ ಇಲ್ಲ, ಟಿಡಿಎಸ್ಸೂ ಇಲ್ಲ. ಅದಕ್ಕೆ ಬಿಲ್ಲಿಲ್ಲ, ಕೇಳುವ ಹಕ್ಕೂ ಇನ್ನೂ ಹುಟ್ಟಿಲ್ಲ. ನಾಲ್ಕನೇ ವರ್ಷದಿಂದ ಜರ್ನಲ್ ತಿರುಗುತ್ತದೆ: ಬಿಲ್ 75,000, ಆದಾಯ 70,000, ಮೇಲಿನ 5,000 ಹಳೆಯ ಬಾಕಿಗೆ ವಜಾ.

ಕರಾರು ಜುಲೈನಲ್ಲಿ ಶುರುವಾಗಿ, ನಮ್ಮ ವರ್ಷ ಮಾರ್ಚ್‌ಗೆ ಮುಗಿಯುವುದರಿಂದ ಐದು ವರ್ಷದ ಕರಾರು ಆರು ಹಣಕಾಸು ವರ್ಷಗಳಿಗೆ ಹರಡಿತು. ಮೊತ್ತಗಳು ಲಕ್ಷದಲ್ಲಿ:

| ಹಣಕಾಸು ವರ್ಷ | ಬಿಲ್ | ಆದಾಯ | ಮಾರ್ಚ್ ಕೊನೆಯ ಬಾಕಿ |
|---|---|---|---|
| 2020-21 | 5.40 | 6.30 | 0.90 |
| 2021-22 | 7.65 | 8.40 | 1.65 |
| 2022-23 | 8.25 | 8.40 | 1.80 |
| 2023-24 | 8.85 | 8.40 | 1.35 |
| 2024-25 | 9.45 | 8.40 | 0.30 |
| 2025-26 | 2.40 | 2.10 | 0 |

ಪ್ರತಿ ಯಂತ್ರಕ್ಕೂ ಇಂಥದ್ದೊಂದು ಹಾಳೆಯನ್ನು ಕರಾರಿಗೆ ಸಹಿಯಾದ ದಿನವೇ ತಯಾರಿಸಿ ಕಡತದಲ್ಲಿ ಇಡುತ್ತೇನೆ. ಎಲ್ಲ ಯಂತ್ರಗಳನ್ನೂ ಒಂದೇ ಖಾತೆಗೆ ಸುರಿದರೆ, ಒಂದರಲ್ಲಿ ಬಾಕಿ ಏರುತ್ತಿರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ, ತಪ್ಪು ಎಲ್ಲಿದೆ ಎಂದು ಗೊತ್ತೇ ಆಗುವುದಿಲ್ಲ.

ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ಈ ಬಾಕಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ. ಅದು ಗಿರಾಕಿಯ ಖಾತೆಯಲ್ಲಿ, ಬರಬೇಕಾದ ಸಾಲದ ಸಾಲಿನಲ್ಲಿ ಇರಲೇಬಾರದು. 2023ರ ಮಾರ್ಚ್ ಕೊನೆಗೆ ನಮ್ಮ ಪುಸ್ತಕದಲ್ಲಿ 1.80 ಲಕ್ಷ ಬಾಕಿ ಇತ್ತು, ಆದರೆ ಗಿರಾಕಿ ಪ್ರತಿ ಬಿಲ್ಲನ್ನೂ ತೀರಿಸಿದ್ದರು. ಆಡಿಟ್ ಹೊತ್ತಿಗೆ ಅವರಿಗೆ ಬಾಕಿ ದೃಢೀಕರಣದ ಪತ್ರ ಹೋದಾಗ "ನಾವು ಕೊಡಬೇಕಾದ್ದು ಸೊನ್ನೆ" ಎಂದೇ ಬರೆದರು. ಅದು ಸರಿಯೇ. ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ತಿಂಗಳು ತಿಂಗಳು ಕೊಡುವ ಬಾಕಿದಾರರ ಪಟ್ಟಿಗೂ ಇದನ್ನು ಸೇರಿಸುವಂತಿಲ್ಲ. ಬಿಲ್ಲೇ ಇಲ್ಲದ ಹಣವನ್ನು ತೋರಿಸಿ ಸಾಲ ಪಡೆದಂತಾಗುತ್ತದೆ. ಹಾಗಾಗಿ ಪ್ರತ್ಯೇಕ ಗುಂಪಿನಲ್ಲಿ, ಇತರ ಆಸ್ತಿಗಳ ಅಡಿ ಇಡುತ್ತೇನೆ. ಟಿಡಿಎಸ್ ತೋರಿಸುವ 26ಎಎಸ್‌ನಲ್ಲಿ ಮೊದಲ ವರ್ಷ 5.40 ಲಕ್ಷ, ಪುಸ್ತಕದಲ್ಲಿ 6.30 ಲಕ್ಷ ಇದ್ದಾಗ ನಡುವಿನ 90,000 ಯಾವುದು ಎಂಬುದಕ್ಕೆ ಈ ಹಾಳೆಯೇ ಉತ್ತರ. ಜಿಎಸ್‌ಟಿ ವಹಿವಾಟನ್ನು ಪುಸ್ತಕದ ಜೊತೆ ತಾಳೆ ಹಾಕುವಾಗಲೂ ಅದನ್ನು ಬಿಲ್ ಆಗದ ಆದಾಯ ಎಂದು ತೋರಿಸುತ್ತೇನೆ.

ಇನ್ನು ಕರಾರು ನಡುವೆ ಬದಲಾದರೆ? ಹಿರೇಹಳ್ಳಿಯ ಇನ್ನೊಬ್ಬ ಗಿರಾಕಿಗೆ ಇದೇ ದರಗಳಲ್ಲಿ ಯಂತ್ರ ಕೊಟ್ಟಿದ್ದೆವು. ಮೂರು ವರ್ಷ ಮುಗಿದಾಗ ಅವರು ಬಂದು, "ಇನ್ನು ಮುಂದೆ ಏರಿಸ್ಬೇಡಿ ಸಾರ್, 70,000ಕ್ಕೇ ನಿಲ್ಸಿ" ಎಂದು ಕೇಳಿಕೊಂಡರು. ಯಜಮಾನರು ಒಪ್ಪಿದರು. ಆಗ ಬಿಲ್ಲೂ 70,000, ಆದಾಯವೂ 70,000, ಇನ್ನು ಜರ್ನಲ್ಲೇ ಬೇಡ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದರೆ ಮೂರು ವರ್ಷದಲ್ಲಿ ಸೇರಿದ 1.80 ಲಕ್ಷ ಎಂದಿಗೂ ಕರಗುವುದಿಲ್ಲ. ಅದು ಕರಗಬೇಕಾಗಿದ್ದದ್ದು ನಾಲ್ಕು, ಐದನೇ ವರ್ಷದ ಏರಿಕೆಯಿಂದ, ಆ ಏರಿಕೆಯನ್ನೇ ಈಗ ಬಿಟ್ಟುಕೊಟ್ಟಾಯಿತು.

ನಾನು ಮಾಡಿದ್ದು ಹೀಗೆ. ಉಳಿದ 24 ತಿಂಗಳಿಗೆ ಬರುವ ಹಣ 16.80 ಲಕ್ಷ. ಇದರಲ್ಲಿ 1.80 ಲಕ್ಷವನ್ನು ಈಗಾಗಲೇ ಆದಾಯ ಎಂದು ಬರೆದಾಗಿದೆ. ಉಳಿದದ್ದು 15 ಲಕ್ಷ, ತಿಂಗಳಿಗೆ 62,500. ಹಳೆಯ ವರ್ಷಗಳನ್ನು ಮುಟ್ಟದೆ, ಒಪ್ಪಂದ ಬದಲಾದ ತಿಂಗಳಿಂದ ಆದಾಯ 62,500ಕ್ಕೆ ಇಳಿಸಿ, ತಿಂಗಳಿಗೆ 7,500ರಂತೆ ಬಾಕಿ ಕರಗಿಸಿದೆ. ರಿಯಾಯಿತಿಯ ನಿಜವಾದ ಬೆಲೆ ಎಷ್ಟು ಎಂದು ಯಜಮಾನರಿಗೆ ಅರ್ಥವಾದದ್ದು ಈ ಸಂಖ್ಯೆ ನೋಡಿದ ಮೇಲೆ.

ಬೇರೊಂದು ಸಂಸ್ಥೆಯ ಪುಸ್ತಕ ನೋಡುವ ಸಂದರ್ಭ ಬಂದಾಗ ಇದನ್ನು ಬಿಟ್ಟಿದ್ದದ್ದು ಕಣ್ಣಿಗೆ ಬಿತ್ತು. ಯಂತ್ರ ವಾಪಸ್ ಬಂದು ಬೇರೆಯವರಿಗೆ ಹೋಗಿದ್ದರೂ ಹಳೆಯ ಕರಾರಿನ ಬಾಕಿ ಹಾಗೇ ಕೂತಿತ್ತು. ಪತ್ತೆ ಕಷ್ಟವಲ್ಲ: ಕರಾರಿನ ಕೊನೆಯ ದಿನ ಬಾಕಿ ಸೊನ್ನೆ ಆಗಲೇಬೇಕು. ಪ್ರತಿ ಮಾರ್ಚ್‌ನಲ್ಲಿ ನಾನು ಮಾಡುವ ಪರೀಕ್ಷೆಯೂ ಇದೇ ಜಾಡಿನದು. ಉಳಿದ ಬಿಲ್ಲುಗಳ ಮೊತ್ತದಿಂದ ಉಳಿದ ಆದಾಯ ಕಳೆದರೆ ಸಿಗುವ ಸಂಖ್ಯೆ, ಪುಸ್ತಕದ ಬಾಕಿಗೆ ರೂಪಾಯಿ ಬಿಡದೆ ಹೊಂದಬೇಕು.

ಲಾಕ್-ಇನ್ ಇಲ್ಲದಿದ್ದರೆ ಈ ಲೆಕ್ಕದ ಬುಡವೇ ಅಲುಗಾಡುತ್ತದೆ. ಕರಾರಿನಲ್ಲಿ ಐದು ವರ್ಷ ಎಂದಿದ್ದರೂ ಎರಡು ವರ್ಷದ ನಂತರ ನೋಟಿಸ್ ಕೊಟ್ಟು ಹೋಗಬಹುದು ಎಂದಿದ್ದರೆ, ಗಿರಾಕಿ ಮುಂದುವರಿಯುವುದು ಬಹುತೇಕ ಖಚಿತ ಎನ್ನಲು ಗಟ್ಟಿ ಕಾರಣ ಬೇಕು. ಇಲ್ಲದಿದ್ದರೆ ಎರಡೇ ವರ್ಷಕ್ಕೆ ಹಂಚುತ್ತೇನೆ: 15 ಲಕ್ಷ, 24 ತಿಂಗಳು, ತಿಂಗಳಿಗೆ 62,500. ಐದು ವರ್ಷಕ್ಕೆ ಹಂಚಿದ್ದು ಗಿರಾಕಿ ಎರಡು ವರ್ಷಕ್ಕೇ ಎದ್ದುಹೋದರೆ, 1.80 ಲಕ್ಷವನ್ನು ಒಂದೇ ಏಟಿಗೆ ನಷ್ಟಕ್ಕೆ ಬರೆಯಬೇಕಾಗುತ್ತದೆ.

ಲಾಕ್-ಇನ್ ಇದ್ದರೂ ಕಾರ್ಖಾನೆ ಮುಚ್ಚಿಹೋದರೆ ಕಾಗದದ ಹಕ್ಕಿನಿಂದ ಹಣ ಬರುವುದಿಲ್ಲ. ಅದಕ್ಕೇ ಈಗ ನಮ್ಮ ಎಲ್ಲ ಕರಾರುಗಳಲ್ಲೂ ಒಂದು ಷರತ್ತು ಹಾಕಿಸಿದ್ದೇನೆ: ಅವಧಿಗೆ ಮೊದಲು ಯಂತ್ರ ಬಿಟ್ಟರೆ, ಇಡೀ ಅವಧಿಯ ಸರಾಸರಿ ಬಾಡಿಗೆಯಂತೆ ಅಲ್ಲಿಯವರೆಗೆ ಆಗುವ ಮೊತ್ತಕ್ಕೂ ಬಿಲ್ ಮಾಡಿದ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಗಿರಾಕಿ ಕೊಡಬೇಕು. ತಿಂಗಳುವಾರು ಹಾಳೆಯನ್ನೇ ಕರಾರಿಗೆ ಅನುಬಂಧವಾಗಿ ಲಗತ್ತಿಸುತ್ತೇವೆ, ಆಮೇಲೆ ಮೊತ್ತದ ಬಗ್ಗೆ ತಕರಾರು ಬರುವುದಿಲ್ಲ. ಡಿಪಾಸಿಟ್ ನಿಗದಿ ಮಾಡುವ ರೀತಿಯೂ ಬದಲಾಗಿದೆ. ಮೊದಲು ಮೂರು ತಿಂಗಳ ಬಾಡಿಗೆ, ಅಂದರೆ 1.80 ಲಕ್ಷ ತೆಗೆದುಕೊಳ್ಳುತ್ತಿದ್ದೆವು. ಅದು ಬಾಕಿಯ ಗರಿಷ್ಠ ಮೊತ್ತಕ್ಕೇ ಸರಿಹೋಗುತ್ತದೆ, ಕಟ್ಟದೆ ಉಳಿದ ಬಿಲ್ಲುಗಳಿಗೆ ಏನೂ ಮಿಗದು. ಈಗ ಹಾಳೆಯ ಗರಿಷ್ಠ ಬಾಕಿಯ ಮೇಲೆ ಎರಡು ತಿಂಗಳ ಬಾಡಿಗೆ ಸೇರಿಸಿ ಕೇಳುತ್ತೇವೆ. ಅಷ್ಟು ಡಿಪಾಸಿಟ್ ಕೊಡಲಾಗದ ಗಿರಾಕಿಗೆ ಏರಿಕೆಯನ್ನು ಕಮ್ಮಿ ಮಾಡಿ, ಮೊದಲ ವರ್ಷದ ಬಾಡಿಗೆಯನ್ನು ಸರಾಸರಿಗೆ ಹತ್ತಿರ ತರುತ್ತೇವೆ.