ದಾಸೋಹಕ್ಕೆ ಸೇವೆಯವರನ್ನು ಕರೆಯುವ ಸಂದೇಶ: ನನ್ನ ಅನುಭವ

ಮಠದ ದಾಸೋಹಕ್ಕೆ ಜನ ಬೇಕೆಂದು ವಾಟ್ಸಾಪಿನಲ್ಲಿ ಹಾಕಿದರೆ ಜನಕ್ಕೇನೂ ಕೊರತೆಯಿಲ್ಲ. ಕೊರತೆ ಬೀಳುವುದು ಬೆಳಗಿನ ಆರೂವರೆಗೆ ಮತ್ತು ಮಧ್ಯಾಹ್ನ ಮೂರಕ್ಕೆ. "ಭಾನುವಾರ ಅನ್ನದಾಸೋಹ, ಎಲ್ಲರೂ ಸೇವೆಗೆ ಬನ್ನಿ" ಎಂದಷ್ಟೇ ಬರೆದರೆ ಬಡಿಸಲು ಮೂವತ್ತು ಜನ ನಿಂತಿರುತ್ತಾರೆ, ಕೊಪ್ಪರಿಗೆ ತಿಕ್ಕಲು ಇಬ್ಬರೂ ಸಿಗುವುದಿಲ್ಲ. ಅದಕ್ಕೇ ನಾವು ಸಂದೇಶ ಬರೆಯುವ ಮೊದಲು ಊಟದ ಲೆಕ್ಕ ಹಾಕುತ್ತೇವೆ.

300 ಜನರ ಊಟ, 12.30ಕ್ಕೆ ಮೊದಲ ಪಂಕ್ತಿ ಎಂದುಕೊಳ್ಳಿ. ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ. ಅಕ್ಕಿ ತಲೆಗೆ 100 ಗ್ರಾಂನಂತೆ 30 ಕೆಜಿ, ತೊಗರಿಬೇಳೆ 10 ಕೆಜಿ, ತರಕಾರಿ 30 ಕೆಜಿ. ಮನೆಯಲ್ಲಿ ಹೆಚ್ಚಿ ರೂಢಿಯಿರುವವರು ಸಿಪ್ಪೆ ತೆಗೆದು ಹೆಚ್ಚುವುದು ಗಂಟೆಗೆ ಸುಮಾರು 4 ಕೆಜಿ. ಎರಡು ಗಂಟೆಯಲ್ಲಿ ಮುಗಿಯಬೇಕಾದರೆ ನಾಲ್ವರು ಸಾಕು. ತೊಳೆದುಕೊಡಲು ಒಬ್ಬರು, ಬರುತ್ತೇನೆಂದು ಬಾರದವರ ಲೆಕ್ಕಕ್ಕೆ ಒಬ್ಬರು ಸೇರಿಸಿ ಆರು ಜನ ಎಂದು ಬರೆಯುತ್ತೇವೆ.

ಅನ್ನವನ್ನು 15 ಕೆಜಿಯಂತೆ ಎರಡು ಸಲ ಇಡಬೇಕು. ಮೊದಲನೆಯದು 11.15ಕ್ಕೆ, ಎರಡನೆಯದು 12.30ಕ್ಕೆ. ಒಂದೇ ಸಲ ಬೆಳಗ್ಗೆಯೇ ಮಾಡಿಟ್ಟರೆ ಸುಲಭ, ಆದರೆ ಬೆಂದ ಮೇಲೂ ಉಳಿಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಅನ್ನ ಉಗುರುಬೆಚ್ಚಗೆ ಕೂತಾಗ ಬೆಳೆಯುತ್ತದೆ. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಡಿಸುವ ತನಕ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಎರಡನೇ ಅನ್ನ ಬಸಿಯುವ ಹೊತ್ತಿಗೆ ಎಲ್ಲರೂ ಪಂಕ್ತಿಯಲ್ಲಿರುತ್ತಾರೆ, ಒಲೆಯ ಹತ್ತಿರ ಯಾರೂ ಇರುವುದಿಲ್ಲ. ಹಾಗಾಗಿ ಅಡುಗೆಮನೆ ಸೇವೆಯನ್ನು 1.30ರವರೆಗೆ ಎಳೆದಿದ್ದೇವೆ.

ಈಗ ಕಳಿಸುವ ಸಂದೇಶ ಹೀಗಿದೆ:

"ಶರಣು. ಬರುವ ಭಾನುವಾರ 300 ಜನರ ದಾಸೋಹ. ಯಾವ ಸೇವೆಗೆ ಬರುವಿರೆಂದು ಹೆಸರು, ಸಂಖ್ಯೆ ಬರೆದು ಶುಕ್ರವಾರ ರಾತ್ರಿಯೊಳಗೆ ತಿಳಿಸಿ.
1. ತರಕಾರಿ: 6.30–8.30, 6 ಜನ. ಕೂತು ಮಾಡುವ ಕೆಲಸ.
2. ಅಡುಗೆಮನೆ: 8.30–1.30, 4 ಜನ. ಭಾರ ಎತ್ತಬೇಕು, ಒಲೆಯ ಹತ್ತಿರ ನಿಲ್ಲಬೇಕು. ಹತ್ತಿ ಬಟ್ಟೆಯಲ್ಲೇ ಬನ್ನಿ.
3. ಬಡಿಸುವುದು: 12–2.30, 10 ಜನ.
4. ಪಾತ್ರೆ: 2–4, 6 ಜನ. ಬಟ್ಟೆ ಒದ್ದೆಯಾಗುತ್ತದೆ.
ಉಗುರು ಕತ್ತರಿಸಿಕೊಂಡು ಬನ್ನಿ. ಉಂಗುರ, ಗಾಜಿನ ಬಳೆ, ವಾಚು ಮನೆಯಲ್ಲೇ ಇರಲಿ. ತಲೆಗೆ ವಸ್ತ್ರ ತನ್ನಿ. ವಾಂತಿ, ಭೇದಿ ಆಗಿದ್ದರೆ ನಿಂತು 48 ಗಂಟೆ ಕಳೆಯುವ ತನಕ ಬರಬೇಡಿ. ಕೈಗೆ ಗಾಯವಾಗಿದ್ದರೆ ಮೊದಲೇ ಹೇಳಿ, ಚಪ್ಪಲಿ ಕಾಯುವ ಅಥವಾ ಟೋಕನ್ ಕೊಡುವ ಸೇವೆ ಇದೆ."

ಕೊನೆಯ ಆ ಮಾತು ಇಲ್ಲದಿದ್ದರೆ ಜನ ಗಾಯ ಮುಚ್ಚಿಟ್ಟುಕೊಳ್ಳುತ್ತಾರೆ. ಸೇವೆ ತಪ್ಪಿಹೋಗುತ್ತದೆ ಎಂಬ ಭಯ. ಕೀವಾದ ಗಾಯದಿಂದ ಪಲ್ಯಕ್ಕೆ ಬೀಳುವ ಸೋಂಕು ಕೂಡ ಅನ್ನದ್ದರ ಹಾಗೆಯೇ, ಕುದಿಸಿದರೂ ಹೋಗದ ವಿಷ ಬಿಡಬಲ್ಲದು. "ಶುಚಿತ್ವ ಕಾಪಾಡಿ" ಎಂದು ಬರೆಯುವುದನ್ನು ಬಿಟ್ಟೇಬಿಟ್ಟೆವು. ಓದಿದವರೆಲ್ಲ ತಾವು ಶುಚಿಯಾಗಿಯೇ ಇದ್ದೇವೆ ಅಂದುಕೊಳ್ಳುತ್ತಾರೆ. ಗಾಜಿನ ಬಳೆ ಎಂದರೆ ಕೈ ನೋಡಿಕೊಳ್ಳುತ್ತಾರೆ.

ಧಾರ್ಮಿಕ ಅಡುಗೆಮನೆಯಲ್ಲಿ ಇನ್ನೊಂದು ತೊಡಕಿದೆ. ಸ್ನಾನ ಮಾಡಿ, ವಿಭೂತಿ ಧರಿಸಿ ಬಂದ ಹಿರಿಯರಿಗೆ "ಕೈ ತೊಳೆಯಿರಿ" ಎಂದರೆ ಬೇಸರವಾಗುತ್ತದೆ. ಮಡಿ ಬೇರೆ, ಸೋಪು ಬೇರೆ. ಬರುವ ದಾರಿಯಲ್ಲಿ ಮುಟ್ಟಿದ ಮೊಬೈಲು, ಬಸ್ಸಿನ ಕಂಬಿ ಕೈಯಲ್ಲೇ ಇರುತ್ತವೆ. ಆದ್ದರಿಂದ ಬಾಯಲ್ಲಿ ಹೇಳುವುದಿಲ್ಲ. ಅಡುಗೆಮನೆ ಬಾಗಿಲಲ್ಲೇ ನಲ್ಲಿ, ಸೋಪು, ಬಿಡಿ ಕಾಗದದ ಒರೆಸುಗಳನ್ನಿಟ್ಟು, ಆ ಸೇವೆಯ ಮುಂದಾಳು ಎಲ್ಲರೆದುರು 20 ಸೆಕೆಂಡು ಕೈ ತೊಳೆದು ಒಳಗೆ ಹೋಗುತ್ತಾರೆ, ಹಿಂದಿದ್ದವರೂ ತೊಳೆಯುತ್ತಾರೆ. ಎಲ್ಲರಿಗೂ ಒಂದೇ ಟವೆಲ್ ಇಟ್ಟರೆ ತೊಳೆದದ್ದು ವ್ಯರ್ಥ.

ಹೆಸರು ಬಂದ ಮೇಲೆ ನೋಡಿದರೆ ಮೂರನೇ ಸೇವೆ ಅರ್ಧ ಗಂಟೆಯಲ್ಲಿ ತುಂಬಿ, ನಾಲ್ಕನೆಯದು ಖಾಲಿ ಇರುತ್ತದೆ. ಇದಕ್ಕೆ ನಾವು ಕಂಡುಕೊಂಡದ್ದು: ಈ ವಾರ ಪಾತ್ರೆಗೆ ಬಂದವರಿಗೆ ಮುಂದಿನ ವಾರ ಬಡಿಸುವ ಪಟ್ಟಿಯಲ್ಲಿ ಮೊದಲ ಜಾಗ. ಸಂದೇಶದ ಕೆಳಗೇ ಇದನ್ನು ಬರೆದರೆ ಆರರಲ್ಲಿ ನಾಲ್ಕು ಹೆಸರಾದರೂ ಬರುತ್ತವೆ. ಉಳಿದ ಇಬ್ಬರಿಗೆ ಶನಿವಾರ ಸಂಜೆ ಫೋನ್ ಮಾಡಲೇಬೇಕು, ಗುಂಪಿನಲ್ಲಿ ಮತ್ತೊಮ್ಮೆ ಹಾಕಿ ಪ್ರಯೋಜನವಿಲ್ಲ.