ಬಯಲಾಟದ ಲೈವ್: ಮೊದಲು ಅಪ್‌ಲೋಡ್ ಅಳೆಯಿರಿ, ಆಮೇಲೆ ಬಿಟ್‌ರೇಟ್ ಇಡಿ

ಕಳೆದ ವರ್ಷ ಬದಿಯಡ್ಕದ ಹತ್ತಿರ ಒಂದು ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇತ್ತು. ಯೂಟ್ಯೂಬಿಗೆ ಲೈವ್ ಕೊಡುವ ಕೆಲಸ ನನ್ನದು. ಸಂಜೆ 5ಕ್ಕೆ ಹೋಗಿ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ. ಅಪ್‌ಲೋಡ್ 11 ಎಂಬಿಪಿಎಸ್ ಬಂತು. ಧೈರ್ಯವಾಗಿ 1080 ರೆಸಲ್ಯೂಶನ್ ಇಟ್ಟು, 6 ಎಂಬಿಪಿಎಸ್ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ 6 ಮೆಗಾಬಿಟ್‌ನಂತೆ, ಕಳಿಸಲು ಶುರು ಮಾಡಿದೆ. ಮೊದಲ ಎರಡು ಗಂಟೆ ಏನೂ ತೊಂದರೆ ಇರಲಿಲ್ಲ. ಒಂಬತ್ತರ ಹೊತ್ತಿಗೆ ಊಟ ಮುಗಿಸಿ ಜನ ಬಂದು ಕೂತರು. ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ಹೊತ್ತಿಗೆ ಸರಿಯಾಗಿ ದುಬೈಯಿಂದ ಚಿಕ್ಕಪ್ಪನ ಫೋನ್: "ಚೆಂಡೆ ಕೇಳ್ತಾ ಉಂಟು ಮಾರಾಯ, ವೇಷ ನಿಂತಲ್ಲೇ ನಿಂತಿದೆ."

ಕ್ಯಾಮೆರಾ ಸರಿ ಇತ್ತು, ಲ್ಯಾಪ್‌ಟಾಪ್ ಸರಿ ಇತ್ತು. ತಪ್ಪಿದ್ದು ನನ್ನ ಲೆಕ್ಕ.

ಚಿತ್ರ ನಿಂತದ್ದು ಯಾಕೆ?

ಲ್ಯಾಪ್‌ಟಾಪಿನಿಂದ ಯೂಟ್ಯೂಬಿಗೆ ವಿಡಿಯೊ ಹೋಗುವುದು ಆರ್‌ಟಿಎಂಪಿ ಎಂಬ ದಾರಿಯಲ್ಲಿ. ಇದು ಟಿಸಿಪಿಯ ಮೇಲೆ ಓಡುತ್ತದೆ. ಅಂದರೆ ಕಳಿಸಿದ ಪ್ರತಿಯೊಂದು ತುಣುಕೂ ಆ ಕಡೆ ತಲುಪಲೇಬೇಕು, ತಲುಪದಿದ್ದರೆ ಮತ್ತೆ ಕಳಿಸಬೇಕು. ಫೈಲ್ ಕಳಿಸುವಾಗ ಇದು ಒಳ್ಳೆಯದೇ. ಆದರೆ ಲೈವ್‌ನಲ್ಲಿ ಸೆಕೆಂಡಿಗೆ 6 ಮೆಗಾಬಿಟ್ ಹುಟ್ಟುತ್ತಲೇ ಇರುತ್ತದೆ. ನೆಟ್‌ವರ್ಕ್ 4 ಮಾತ್ರ ತೆಗೆದುಕೊಂಡರೆ ಸೆಕೆಂಡಿಗೆ 2 ಮೆಗಾಬಿಟ್ ಬಾಕಿ ಉಳಿಯುತ್ತದೆ. ಹತ್ತು ಸೆಕೆಂಡಿಗೆ 20 ಆಯಿತು. ಆ ಬಾಕಿ ತೀರುವ ದಾರಿಯೇ ಇಲ್ಲ, ಅಲ್ವಾ? ಕೊನೆಗೆ ಲ್ಯಾಪ್‌ಟಾಪಿನಿಂದ ಲೈವ್ ಕಳಿಸುವ ಒಬಿಎಸ್ ಸಾಫ್ಟ್‌ವೇರ್ ಚಿತ್ರದ ಫ್ರೇಮುಗಳನ್ನು ಬಿಸಾಡಲು ಶುರು ಮಾಡುತ್ತದೆ. ಧ್ವನಿಯನ್ನು ಅದು ಬಿಸಾಡುವುದಿಲ್ಲ. ಅದಕ್ಕೇ ಚಿಕ್ಕಪ್ಪನಿಗೆ ಚೆಂಡೆ ಕೇಳಿತು, ವೇಷ ಕಾಣಲಿಲ್ಲ.

ಸಂಜೆ ಬಂದ 11 ಎಂಬಿಪಿಎಸ್ ಒಂಬತ್ತಕ್ಕೆ ಎಲ್ಲಿ ಹೋಯಿತು? ಗದ್ದೆಯಲ್ಲಿ ಕೂತ ಐನೂರು ಜನರ ಕಿಸೆಯಲ್ಲಿತ್ತು. ನನ್ನ ಸಿಮ್ಮೂ ಅವರ ಸಿಮ್ಮೂ ಒಂದೇ ಟವರಿಗೆ ನೇತಾಡುತ್ತಿದ್ದವು. ಅವರೂ ಸ್ಟೇಟಸ್ಸಿಗೆ ವಿಡಿಯೊ ಹಾಕುತ್ತಿದ್ದರು.

ಏಪ್ರಿಲ್ ತಿಂಗಳ ನೀರು

ನಮ್ಮ ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರನ್ನು ಮಳೆಗಾಲದಲ್ಲಿ ನೋಡಿ ಯಾರೂ ತೋಟ ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಎಷ್ಟು ಒಸರುತ್ತದೆ ಅಂತ ನೋಡಿಯೇ ಅಡಿಕೆ ಗಿಡ ಇಡುತ್ತೇವೆ. ಅಪ್‌ಲೋಡ್ ಲೆಕ್ಕವೂ ಹಾಗೆಯೇ. ಜಾಸ್ತಿ ಬಂದ ನಂಬರೂ ಬೇಡ, ಸರಾಸರಿಯೂ ಬೇಡ. ಅತಿ ಕಡಿಮೆ ಬಂದದ್ದನ್ನೇ ಹಿಡಿಯಬೇಕು.

ಅಳೆಯುವ ಕ್ರಮ ಹೀಗೆ. ಲ್ಯಾಪ್‌ಟಾಪ್ ಇಡುವ ಜಾಗದಲ್ಲೇ, ಲೈವಿಗೆ ಬಳಸುವ ಸಿಮ್ ಅಥವಾ ವಯರಿನಲ್ಲೇ ಟೆಸ್ಟ್ ಮಾಡಿ. ಮನೆಯ ಚಾವಡಿಯಲ್ಲಿ ಬಂದ ಸ್ಪೀಡು ಗದ್ದೆಗೆ ಲೆಕ್ಕವಿಲ್ಲ. ಡೌನ್‌ಲೋಡ್ ನಂಬರ್ ದೊಡ್ಡದಾಗಿ ಕಾಣುತ್ತದೆ, ಅದನ್ನು ಬಿಟ್ಟುಬಿಡಿ. ಅಪ್‌ಲೋಡ್ ಒಂದನ್ನೇ ಬರೆದುಕೊಳ್ಳಿ. ಆಟ ನಡೆಯುವ ಹೊತ್ತಿನಲ್ಲೇ, ಅಂದರೆ ರಾತ್ರಿ ಎಂಟರಿಂದ ಹತ್ತರ ಒಳಗೆ, ಹತ್ತು ಹತ್ತು ನಿಮಿಷ ಬಿಟ್ಟು ನಾಲ್ಕೈದು ಸಲ ಮಾಡಿ. ಸಾಧ್ಯವಾದರೆ ಅದೇ ಊರಿನಲ್ಲಿ ಬೇರೆ ಕಾರ್ಯಕ್ರಮ ಇದ್ದು ಜನ ಸೇರಿರುವ ದಿನ ಹೋಗಿ. ಆ ಅಳತೆಗೆ ಬೆಲೆ ಜಾಸ್ತಿ.

ಸ್ಪೀಡ್ ಟೆಸ್ಟಿನಲ್ಲಿ ಇನ್ನೊಂದು ವಿಷಯ ಇದೆ. ಅದು ಹೆಚ್ಚಾಗಿ ಒಟ್ಟಿಗೇ ಹಲವು ಕನೆಕ್ಷನ್ ತೆರೆದು ಹತ್ತು ಹದಿನೈದು ಸೆಕೆಂಡ್ ಓಡುತ್ತದೆ. ಆರ್‌ಟಿಎಂಪಿಗೆ ಇರುವುದು ಒಂದೇ ಕನೆಕ್ಷನ್, ಓಡಬೇಕಾದದ್ದು ಆರು ಗಂಟೆ. ಆದ್ದರಿಂದ ಟೆಸ್ಟಿನಲ್ಲಿ ಬಂದದ್ದೆಲ್ಲ ಲೈವಿಗೆ ಸಿಗುವುದಿಲ್ಲ. ನಾನು ಕಡಿಮೆ ಬಂದ ನಂಬರಿನಲ್ಲಿ ನೂರಕ್ಕೆ 60 ಮಾತ್ರ ಬಳಸುತ್ತೇನೆ. ಉಳಿದದ್ದು ಕಷ್ಟಕಾಲಕ್ಕೆ ಇರಲಿ.

ಈ ವರ್ಷದ ಲೆಕ್ಕ

ಈ ವರ್ಷ ಅದೇ ಗದ್ದೆಗೆ ಎರಡು ದಿನ ಮೊದಲೇ ರಾತ್ರಿ ಹೋದೆ. ಐದು ಸಲ ಅಳೆದೆ: 9.1, 7.4, 4.2, 6.0, 5.3. ಹಿಡಿದದ್ದು 4.2. ಆಮೇಲಿನದು ಇಷ್ಟೇ:

```
4.2 Mbps x 0.6 = 2.52 Mbps
Audio   128 kbps
Video  2400 kbps
Total  2528 kbps
```

ಧ್ವನಿಯ 128 ಕೆಬಿಪಿಎಸ್‌ಗೆ ಕೈ ಹಾಕಬೇಡಿ. ಅದನ್ನು ಅರ್ಧ ಮಾಡಿದರೂ ಚಿತ್ರಕ್ಕೆ ಸಿಗುವುದು ಬರೀ 64. ಆದರೆ ಭಾಗವತರ ಪದವೂ ಚಕ್ರತಾಳವೂ ಕೇಳಲು ಕರ್ಕಶವಾಗುತ್ತದೆ.

2400ರಲ್ಲಿ ಯಾವ ರೆಸಲ್ಯೂಶನ್? ನಾನು 720 ಇಟ್ಟೆ. 1080ರ ಒಂದು ಫ್ರೇಮಿನಲ್ಲಿ 720ರ ಎರಡೂಕಾಲು ಪಟ್ಟು ಚುಕ್ಕೆಗಳಿವೆ. ಅದೇ 2400 ಅಷ್ಟೂ ಚುಕ್ಕೆಗಳಿಗೆ ಹಂಚಿಹೋಗುತ್ತದೆ. ಭಾಷಣದ ಕಾರ್ಯಕ್ರಮವಾದರೆ ಹೇಗೋ ನಡೆಯುತ್ತದೆ, ಯಾಕೆಂದರೆ ಅಲ್ಲಿ ಅಲುಗುವುದು ತುಟಿ ಮಾತ್ರ. ಯಕ್ಷಗಾನದಲ್ಲಿ ಹಾಗಲ್ಲ. ಪುಂಡುವೇಷ ಧೀಂಗಿಣ ಹಾಕುವಾಗ ಇಡೀ ಫ್ರೇಮ್ ಬದಲಾಗುತ್ತದೆ. ಆಗ ಬಿಟ್ ಸಾಲದೆ ಮುಖದ ಬಣ್ಣವೂ ಎದೆಯ ಆಭರಣವೂ ಚೌಕ ಚೌಕವಾಗಿ ಒಡೆಯುತ್ತವೆ. 720ರಲ್ಲಿ ವೇಷ ಸ್ವಲ್ಪ ಮೆತ್ತಗೆ ಕಂಡರೂ ಇಡಿಯಾಗಿ ಕಾಣುತ್ತದೆ.

ಬಿಟ್ ತಿನ್ನುವ ಇನ್ನೊಂದು ಕಳ್ಳ ಕ್ಯಾಮೆರಾದ ಒಳಗೇ ಇದ್ದಾನೆ. ಬೆಳಕು ಕಡಿಮೆ ಇರುವಾಗ ಆಟೋ ಮೋಡಿನಲ್ಲಿ ಬಿಟ್ಟರೆ ಅದು ಗೇನ್ ಏರಿಸುತ್ತದೆ. ಹಿಂದಿನ ಕತ್ತಲಲ್ಲಿ ಮರಳಿನಂಥ ಚುಕ್ಕೆಗಳು ಕುಣಿಯಲು ಶುರುವಾಗುತ್ತವೆ. ಆ ಚುಕ್ಕೆ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ಕಳಿಸುವ ಮೊದಲು ವಿಡಿಯೊವನ್ನು ಕುಗ್ಗಿಸುವ ಎನ್‌ಕೋಡರಿಗೆ ಅದೂ ಒಂದು ಚಲನೆಯೇ. ಖಾಲಿ ಕತ್ತಲಿಗೆ ಬಿಟ್ ಸುರಿದು, ವೇಷಕ್ಕೆ ಕಡಿಮೆ ಮಾಡುತ್ತದೆ. ಹಾಗಾಗಿ ಮ್ಯಾನುವಲ್ ಇಟ್ಟು ಗೇನ್ ಇಳಿಸಿ, ಹಿನ್ನೆಲೆ ಕಪ್ಪಾಗಿಯೇ ಇರಲಿ. ಶಟರ್ 1/50, ಫ್ರೇಮ್ ರೇಟ್ 25 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದಿದರೆ ಟ್ಯೂಬ್‌ಲೈಟಿನ ಮಿಣುಕು ಬರುವುದಿಲ್ಲ. 30ರ ಬದಲು 25 ಆದದ್ದರಿಂದ ಒಂದೊಂದು ಫ್ರೇಮಿಗೂ ಸ್ವಲ್ಪ ಜಾಸ್ತಿ ಬಿಟ್ ಸಿಗುತ್ತದೆ.

ಒಬಿಎಸ್‌ನಲ್ಲಿ ತುಂಬಿಸುವುದು

ಕ್ಯಾಮೆರಾದ ಎಚ್‌ಡಿಎಂಐ ವಯರ್ ಕ್ಯಾಪ್ಚರ್ ಕಾರ್ಡಿಗೆ, ಕಾರ್ಡು ಲ್ಯಾಪ್‌ಟಾಪಿಗೆ. ಧ್ವನಿಯನ್ನು ಮೈಕಿನವರ ಮಿಕ್ಸರಿನಿಂದಲೇ ತೆಗೆದುಕೊಳ್ಳಿ. ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಆನ್ ಮಾಡುವುದಾದರೆ ಅನುಮತಿಗೆ 24 ಗಂಟೆ ಹಿಡಿಯಬಹುದು. ಆ ಕೆಲಸ ವಾರ ಮೊದಲೇ ಆಗಿರಲಿ. ಆಮೇಲೆ Settings ತೆರೆದು ಇಷ್ಟನ್ನು ತುಂಬಿಸಿ:

```
Server: rtmp://a.rtmp.youtube.com/live2
Stream Key: (YouTube Studio)
Rate Control: CBR
Bitrate: 2400 Kbps
Keyframe Interval: 2 s
Audio Bitrate: 128
Output Resolution: 1280x720
FPS: 25
```

ಸ್ಟ್ರೀಮ್ ಕೀ ಸಿಕ್ಕಿದವರು ನಿಮ್ಮ ಚಾನೆಲಿನಲ್ಲಿ ಏನು ಬೇಕಾದರೂ ಬಿಡಬಹುದು. ಪರದೆಯ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ.

ಕೀಫ್ರೇಮ್ ಜಾಗದಲ್ಲಿ ಸುಮ್ನೆ 0 ಇರಲಿ ಅಂತ ಬಿಡುವವರೇ ಜಾಸ್ತಿ. ಕೀಫ್ರೇಮ್ ಅಂದರೆ ಇಡೀ ಚಿತ್ರ. ನಡುವಿನ ಫ್ರೇಮುಗಳಲ್ಲಿ ಬದಲಾದ ಭಾಗ ಮಾತ್ರ ಇರುತ್ತದೆ. ಒಮ್ಮೆ ಫ್ರೇಮ್ ಬಿದ್ದುಹೋದರೆ ಮುಂದಿನ ಕೀಫ್ರೇಮ್ ಬರುವವರೆಗೆ ಚಿತ್ರ ಸರಿಯಾಗುವುದಿಲ್ಲ. 0 ಇಟ್ಟರೆ x264 ಎನ್‌ಕೋಡರ್ 250 ಫ್ರೇಮಿನವರೆಗೂ ಕಾಯಬಹುದು. 25ರ ಲೆಕ್ಕದಲ್ಲಿ ಅದು ಹತ್ತು ಸೆಕೆಂಡ್! 2 ಇಟ್ಟರೆ ಎರಡೇ ಸೆಕೆಂಡಿನಲ್ಲಿ ವೇಷ ಮತ್ತೆ ಕುಣಿಯುತ್ತದೆ. ಯೂಟ್ಯೂಬ್ ಹೇಳುವುದೂ 2 ಅಂತಲೇ.

Advanced ಪುಟದಲ್ಲಿ ನೆಟ್‌ವರ್ಕ್ ಬಿಗಿಯಾದಾಗ ಬಿಟ್‌ರೇಟನ್ನು ತಾನೇ ಇಳಿಸುವ ಒಂದು ಟಿಕ್ ಇದೆ, ಅದನ್ನು ಹಾಕಿ. ಯೂಟ್ಯೂಬಿನ ಕಂಟ್ರೋಲ್ ರೂಮಿನಲ್ಲಿ Auto-stop ತೆಗೆಯಿರಿ. ಇಲ್ಲದಿದ್ದರೆ ಸಿಮ್ ಕೈಕೊಟ್ಟಾಗ ಲೈವೇ ಮುಗಿದುಹೋಗಬಹುದು. ಆಗ ನೋಡುವವರಿಗೆಲ್ಲ ಹೊಸ ಲಿಂಕ್ ಕಳಿಸುತ್ತಾ ಕೂರಬೇಕು.

ಡೇಟಾ ಎಷ್ಟು ಬೇಕು?

2528 ಕೆಬಿಪಿಎಸ್ ಅಂದರೆ ಗಂಟೆಗೆ ಸುಮಾರು 1.14 ಜಿಬಿ. ಸಂಜೆ ಆರೂವರೆಯಿಂದ ಹನ್ನೆರಡೂವರೆಯವರೆಗಿನ ಕಾಲಮಿತಿ ಆಟಕ್ಕೆ ಸುಮಾರು 7 ಜಿಬಿ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿದ್ದರೆ ಒಂದೂಮುಕ್ಕಾಲು ಗಂಟೆಯಲ್ಲಿ, ಅಂದರೆ ಎಂಟೂಕಾಲಕ್ಕೆ ಖಾಲಿ. ಆಮೇಲೆ ಸಿಗ್ನಲ್ ಪೂರ್ತಿ ಕಾಣುತ್ತದೆ, ಆದರೆ ಲೈವ್ ಓಡುವಷ್ಟು ಸ್ಪೀಡ್ ಇರುವುದಿಲ್ಲ. ಟವರಿಗೆ ಬೈಯುವ ಮೊದಲು ಡೇಟಾ ಬಾಕಿ ನೋಡಿ. ಬೇರೆ ಕಂಪನಿಯ ಇನ್ನೊಂದು ಸಿಮ್ ಡೇಟಾ ತುಂಬಿಸಿ ಕಿಸೆಯಲ್ಲಿರಲಿ.

ಹತ್ತಿರದ ಮನೆಯಲ್ಲಿ ಫೈಬರ್ ಇದ್ದರೆ ಇಷ್ಟೆಲ್ಲ ಕಷ್ಟವಿಲ್ಲ. ರೂಟರಿನಿಂದ ಲ್ಯಾನ್ ಕೇಬಲ್ ಎಳೆಯಿರಿ, ನೂರು ಮೀಟರಿನವರೆಗೆ ಅದು ಚೆನ್ನಾಗಿ ನಡೆಯುತ್ತದೆ. ವೈಫೈ ನಂಬಬೇಡಿ. ನಡುವೆ ಜನ ಕೂತರೆ ಅದು ಕುಗ್ಗುತ್ತದೆ. ಕರೆಂಟು ಹೋದರೆ ರೂಟರ್ ಆಫ್ ಆಗದಂತೆ ಇನ್ವರ್ಟರಿಗೆ ಸಿಕ್ಕಿಸಲು ಮನೆಯವರಿಗೆ ಹೇಳಿ.

ಆಟ ನಡೆಯುವಾಗ ನೋಡಬೇಕಾದದ್ದು

ಒಬಿಎಸ್‌ನ View ಮೆನುವಿನಲ್ಲಿ Stats ಅಂತ ಇದೆ. ಅದನ್ನು ತೆರೆದೇ ಇಡಿ. Dropped Frames ಏರಿದರೆ ನೆಟ್‌ವರ್ಕಿನ ಸಮಸ್ಯೆ, ಬಿಟ್‌ರೇಟ್ ಇಳಿಸಬೇಕು. ಅದು 0 ಇದ್ದು, encoding lag ಎಂಬ ಸಾಲಿನ ನಂಬರ್ ಏರಿದರೆ ಲ್ಯಾಪ್‌ಟಾಪಿಗೆ ಸುಸ್ತಾಗಿದೆ ಅಂತ ಅರ್ಥ. ಆಗ ಬಿಟ್‌ರೇಟ್ ಇಳಿಸಿ ಉಪಯೋಗವಿಲ್ಲ. ಬೇರೆ ಪ್ರೋಗ್ರಾಂ ಮುಚ್ಚಿ, ಎನ್‌ಕೋಡರಿನ ಪ್ರಿಸೆಟ್ veryfast ಇದ್ದರೆ superfast ಮಾಡಿ. ಎರಡೂ 0 ಇದ್ದು ಒಬ್ಬರಿಗೆ ಮಾತ್ರ ಚಿತ್ರ ನಿಲ್ಲುತ್ತಿದ್ದರೆ ತೊಂದರೆ ಅವರ ಕಡೆಯ ನೆಟ್ಟಿನಲ್ಲಿ. ಕ್ವಾಲಿಟಿ ಕಡಿಮೆ ಮಾಡಿ ನೋಡಲು ಹೇಳಿ.

ಈ ಸಲ ಒಂಬತ್ತೂವರೆಗೆ ಜನ ತುಂಬಿದಾಗ ನನ್ನ Stats ಕಿಟಕಿಯಲ್ಲಿ ಬಿಟ್‌ರೇಟ್ ಒಂದೆರಡು ಸಲ 1900ಕ್ಕೆ ಇಳಿಯಿತು, ಮತ್ತೆ 2400ಕ್ಕೆ ಬಂತು. ಬಣ್ಣದ ವೇಷ ತೆರೆ ಸರಿಸಿ ಮುಖ ತೋರಿಸುವಾಗ Dropped Frames 0.1% ಇತ್ತು. ಚಿಕ್ಕಪ್ಪನ ಫೋನ್ ಬರಲಿಲ್ಲ, ಅವರು ಆಟ ನೋಡುತ್ತಿದ್ದರು.

ಮಂಗಳ ಹಾಡಿದ ಕೂಡಲೇ End Stream ಒತ್ತಬೇಡಿ. ನೋಡುವವರು ನಿಮಗಿಂತ ಇಪ್ಪತ್ತು ಮೂವತ್ತು ಸೆಕೆಂಡ್ ಹಿಂದೆ ಇರುತ್ತಾರೆ. ಒಂದು ನಿಮಿಷ ಕ್ಯಾಮೆರಾ ರಂಗಸ್ಥಳದ ಕಡೆಗೇ ಇರಲಿ, ಆಮೇಲೆ ನಿಲ್ಲಿಸಿ.