ಬೆಕ್ಕಿನ ಕೊರಳಪಟ್ಟಿಗೆ ಜೀನ್ಸ್ ತುಂಡು: ಬಳ್ಳಾರಿಯ ನನ್ನ ಅನುಭವ

ಬೆಕ್ಕಿನ ಕೊರಳಲ್ಲಿ ಪಟ್ಟಿ ನಿಲ್ಲೋದಿಲ್ಲ, ನಿಂತರೆ ಅದರ ಜೀವಕ್ಕೇ ಕುತ್ತು ಅಂತ ಇಲ್ಲಿ ಹೇಳದವರಿಲ್ಲ. ಎರಡೂ ಮಾತು ಅರ್ಧ ನಿಜ. ಈಗ ನಾನು ಹೊಲಿಯೋ ಪಟ್ಟಿ ನಿಲ್ಲುತ್ತದೆ, ಸಿಕ್ಕಿಹಾಕಿಕೊಂಡರೆ ಬಿಚ್ಚಿಕೊಳ್ಳುತ್ತದೆ. ನಗುತ್ತಿದ್ದವರೇ ಈಗ ಆರ್ಡರ್ ಕೊಡುತ್ತಾರೆ.

ಕಳೆದುಹೋದ ಬೆಕ್ಕು ಮನೆಗೆ ಮರಳಲಿ ಅಂತ ಫೋನ್ ನಂಬರ್ ಬರೆದು ಹಾಕೋ ಜೋತಾಡೋ ಬಿಲ್ಲೆಯನ್ನು ಮೊದಲು ಬಿಟ್ಟೆ. ಅದರ ರಿಂಗ್ ಸವೆದು ತೆರೆದುಕೊಳ್ಳುತ್ತದೆ. ಬಿಲ್ಲೆ ಹೋಗಿ ಬರೀ ಪಟ್ಟಿ ಉಳಿದರೆ ಏನು ಬಂತು? ಪ್ರಿಂಟ್ ಮಾಡಿದ ನಂಬರ್ ನಮ್ಮ ಬಿಸಿಲಿಗೆ, ಬೆಕ್ಕಿನ ನೆಕ್ಕಾಟಕ್ಕೆ ಅಳಿಸಿಹೋಗುತ್ತದೆ. ಹಾಗಾಗಿ ನಂಬರನ್ನು ಬಟ್ಟೆಗೇ ಎಂಬ್ರಾಯ್ಡರಿ ಮಾಡಿಸಿದೆ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗಾಗಲಿ, ಕಂಪ್ಯೂಟರ್ ಎಂಬ್ರಾಯ್ಡರಿಗಾಗಲಿ ಬರವಿಲ್ಲ.

ದುಡ್ಡು ಕೈಬಿಟ್ಟದ್ದು ಇಲ್ಲೇ. ಕಟಿಂಗ್ ಟೇಬಲ್ಲಿನ ತುಂಡುಗಳು ವಾಶಿಂಗ್ ಆಗದ ಬಟ್ಟೆ, ಯಾಕೆಂದರೆ ಪ್ಯಾಂಟ್ ಹೊಲಿದ ಮೇಲಷ್ಟೇ ವಾಶಿಂಗಿಗೆ ಹೋಗೋದು. ಆ ತುಂಡಿನ ನೀಲಿ, ಬಿಳಿ ಬೆಕ್ಕಿನ ಕೊರಳಿಗೆಲ್ಲ ಹತ್ತಿತು. ಒಂದು ಕಂತಿನ ಪಟ್ಟಿ ಪೂರ್ತಿ ದಂಡ, ಸುಮಾರು ಎರಡು ಸಾವಿರ ರೂಪಾಯಿ ಹೋಯಿತು. ಈಗ ನೀರು ತಿಳಿಯಾಗೋವರೆಗೂ ತೊಳೆದೇ ಕೆಲಸಕ್ಕೆ ಇಳಿಯೋದು. ಬಟ್ಟೆಯೂ ಶರ್ಟಿಗೆ ಬಳಸೋ ತೆಳು ಡೆನಿಮ್ ಇರಬೇಕು. ಪ್ಯಾಂಟಿನ ದಪ್ಪದ್ದನ್ನು ನಾಲ್ಕು ಮಡಿಕೆ ಮಾಡಿದರೆ ಹಲಗೆಯಂತೆ ಬಿಗಿದು ಕೊರಳು ಉಜ್ಜುತ್ತದೆ.

ಸಣ್ಣ ಪಟ್ಟಿ ಎಂಬ್ರಾಯ್ಡರಿ ಫ್ರೇಮಿಗೆ ಸಿಗೋದಿಲ್ಲ. ಅದಕ್ಕೆ ಅಗಲ ಬಟ್ಟೆಯ ಮೇಲೆ ಮೊದಲು ನಂಬರ್ ಹೊಡೆಸಿ, ಆಮೇಲೆ 48 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಎರಡು ಬಾರಿ ಮಡಚಿ 12ಕ್ಕೆ ತರುತ್ತೇನೆ. ಎಂಬ್ರಾಯ್ಡರಿಯ ಹಿಂಬದಿಯ ಗಂಟುಗಳು ಮಡಿಕೆಯೊಳಗೆ ಮುಚ್ಚಿಹೋಗುತ್ತವೆ. ಅಂಕಿ 5 ಮಿಲಿಮೀಟರಿಗಿಂತ ಚಿಕ್ಕದಾದರೆ 6, 8, 9 ಎಲ್ಲ ದಾರ ತುಂಬಿ ಒಂದೇ ಥರ ಕಾಣುತ್ತವೆ. 8 ಮಿಲಿಮೀಟರ್ ಎತ್ತರ, ಗಾಢ ನೀಲಿಯ ಮೇಲೆ ಹಳದಿ ಪಾಲಿಯೆಸ್ಟರ್ ದಾರ, ಇದು ಮಾರು ದೂರದಿಂದಲೂ ಓದಲು ಬರುತ್ತದೆ. ಹೊರಗೆ ಒಂದು ನಂಬರ್, ಒಳಬದಿಯಲ್ಲಿ ಮನೆಯ ಇನ್ನೊಬ್ಬರದು.

ಬಕಲ್ ಎಳೆದರೆ ಬಿಚ್ಚಿಕೊಳ್ಳೋ ಥರದ್ದೇ ಬೇಕು. ಎಲಾಸ್ಟಿಕ್ ಪಟ್ಟಿ ಬೇಡ, ಮುಂಗಾಲು ಒಳಗೆ ತೂರಿ ಕಂಕುಳಲ್ಲಿ ಕೊರೆದು ಗಾಯವಾಗುತ್ತದೆ. ಆದರೆ ‘ಬಿಚ್ಚಿಕೊಳ್ಳುತ್ತದೆ’ ಅಂತ ಮಾರೋ ಬಕಲ್‌ಗಳಲ್ಲಿ ಕೆಲವು ಕೈಯಲ್ಲಿ ಜಗ್ಗಿದರೂ ಬಿಚ್ಚೋದಿಲ್ಲ. ಪಟ್ಟಿಯನ್ನು ಬಕಲ್ ಹಾಕಿ ಉಂಗುರ ಮಾಡಿ ಮೊಳೆಗೆ ತೂಗುಹಾಕಿ, ಬಕಲ್ ಪಕ್ಕಕ್ಕೆ ಬರುವಂತೆ ಇಟ್ಟು, ಕೆಳಗೆ ದಾರ ಕಟ್ಟಿ ನೀರಿನ ಬಾಟಲಿ ಜೋತುಬಿಡಿ. ಮೂರೂವರೆ ಕಿಲೋ ಬೆಕ್ಕಿಗೆ ಒಂದೂವರೆಯಿಂದ ಎರಡು ಕಿಲೋದೊಳಗೆ ಅದು ಬಿಚ್ಚಬೇಕು. ಬಿಚ್ಚದಿದ್ದರೆ ಕೊಂಡಿಯ ಹಲ್ಲನ್ನು ಸಣ್ಣ ಎಮರಿ ಕಾಗದದಲ್ಲಿ ಎರಡೆರಡು ಸಲ ತಿಕ್ಕಿ ಮತ್ತೆ ತೂಗಿ ನೋಡಬೇಕು. ಒಂದೇ ಸಲ ಜಾಸ್ತಿ ತಿಕ್ಕಿದರೆ ಆ ಬಕಲ್ ಹೋಯಿತು, ಪಟ್ಟಿ ದಿನಾ ಬೀಳುತ್ತದೆ. ಬಕಲಿನ ಹತ್ತಿರ ಬಟ್ಟೆ ತಿರುಚದಂತೆ ಹಾಕೋ ಹೊಲಿಗೆಯನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದೇ ನನ್ನ ಅಂಗಡಿ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಸರಾಗ ಹೋಗಬೇಕು, ಮೂರನೆಯದು ಹೋಗಬಾರದು. ಹಾಕುವಾಗ ಬೆಕ್ಕು ಕೊರಳು ಬಿಗಿಹಿಡಿದಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಕ್ಯೂಆರ್ ಬಿಲ್ಲೆಯನ್ನೂ ನೋಡಿದೆ. ಗೀರು ಜಾಸ್ತಿ ಬಿದ್ದರೆ ಸ್ಕ್ಯಾನ್ ಆಗೋದಿಲ್ಲ, ಅಷ್ಟು ಹೊತ್ತು ಬೆಕ್ಕೂ ನಿಲ್ಲೋದಿಲ್ಲ.

ಮೈಕ್ರೋಚಿಪ್ ಬೇಡ ಅಂತಲ್ಲ. ಅಕ್ಕಿಕಾಳಿನಷ್ಟಿದ್ದು, ಭುಜದ ನಡುವೆ ಚರ್ಮದಡಿ ಕೂರುತ್ತದೆ. ಒಳಗೆ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ, ರೀಡರ್ ಹತ್ತಿರ ಬಂದಾಗಷ್ಟೇ 15 ಅಂಕಿ ಹೇಳುತ್ತದೆ. 134.2 ಕಿಲೋಹರ್ಟ್ಸಿನ ಐಎಸ್ಓ ಚಿಪ್ಪೇ ಹಾಕಿಸಿ. ಮೊಬೈಲಿನ ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್, ಅದು ಇದನ್ನು ಓದೋದಿಲ್ಲ. ಹಾಕಿಸೋ ಮುಂಚೆ, ಹಾಕಿಸಿದ ಮೇಲೆ ಎರಡು ಸಲವೂ ರೀಡರ್ ಹಿಡಿಸಿ ನಂಬರ್ ತಾಳೆ ನೋಡಿ. ನಂಬರನ್ನು ನಿಮ್ಮ ಫೋನಿನ ಜೊತೆ ರಿಜಿಸ್ಟರ್ ಮಾಡಿಸದಿದ್ದರೆ ಅದು ಬರೀ ಗಾಜು. ಚಿಪ್ ಕೆಲವೊಮ್ಮೆ ಭುಜಕ್ಕೆ, ಕಾಲಿನ ಕಡೆಗೆ ಜಾರುತ್ತದೆ, ಆದ್ದರಿಂದ ಸ್ಕ್ಯಾನ್ ಮಾಡೋರು ಮೈಗೆ ಹತ್ತಿಸಿ ನಿಧಾನಕ್ಕೆ ಅಲ್ಲೆಲ್ಲ ಆಡಿಸಬೇಕು. ಬೆಕ್ಕು ಯಾರದು ಅಂತ ಜಗಳ ಬಂದಾಗ, ಪಟ್ಟಿ ಕಳಚಿಬಿದ್ದಾಗ ಚಿಪ್ಪೇ ಸಾಕ್ಷಿ.

ಆದರೆ ಬೆಕ್ಕನ್ನು ಕಂಡವರ ಹತ್ತಿರ ರೀಡರ್ ಇರೋದಿಲ್ಲ, ಫೋನ್ ಇರುತ್ತದೆ. ಕೌಲ್ ಬಜಾರಿನ ಒಂದು ಕೆಂಚು ಗಂಡುಬೆಕ್ಕು ಜೀನ್ಸ್ ಮೂಟೆಗಳ ನಡುವೆ ಮಲಗಿ, ಟಾಟಾ ಏಸ್‌ನಲ್ಲಿ ವಾಶಿಂಗ್ ಘಟಕಕ್ಕೆ ಹೋಗಿಬಿಟ್ಟಿತ್ತು. ಅಲ್ಲಿನ ವಾಚ್‌ಮನ್ ಹೊರಗಿನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಪಟ್ಟಿ ತಿರುಗಿಸಿ ಒಳಗಿನದಕ್ಕೆ ಮಾಡಿದ. ಬೆಕ್ಕಿನೊಡತಿಯ ತಮ್ಮ ಫೋನ್ ಎತ್ತಿದ್ದಕ್ಕೆ, ‘ನಿಮ್ ಬೆಕ್ಕು ಇಲ್ಲೈತಿ, ಬಂದು ಒಯ್ರಿ, ಮೂಟೆ ಇಳಿಸಾಕ ಬಿಡವಲ್ದು’ ಅಂದನಂತೆ. ಅಂದಿನಿಂದ ಒಂದೇ ನಂಬರಿನ ಆರ್ಡರ್ ನಾನು ತಗೊಳ್ಳೋದಿಲ್ಲ. ಒಂದು ಪಟ್ಟಿಗೆ ನನಗೆ ಬೀಳೋ ಖರ್ಚು ಎಪ್ಪತ್ತರ ಆಸುಪಾಸು, ಅದರಲ್ಲಿ ಹೆಚ್ಚಿನದು ಎಂಬ್ರಾಯ್ಡರಿಗೇ.